ಎಲ್ಲಿ ನಿಲ್ಲಿಸೋದು, ಯಾವ ಚೆಕ್‌ಪಾಯಿಂಟ್ ಇಟ್ಟುಕೊಳ್ಳೋದು: ಅರ್ಲಿ ಸ್ಟಾಪಿಂಗ್‌ನ ದಾರಿಗಳ ಹೋಲಿಕೆ

ಮಾಡೆಲ್ ಟ್ರೇನ್ ಮಾಡುವಾಗ ಎರಡು ತೀರ್ಮಾನ ಆಗಬೇಕು. ಟ್ರೇನಿಂಗ್ ಯಾವಾಗ ನಿಲ್ಲಿಸುವುದು ಎನ್ನುವುದು ಮೊದಲನೆಯದು. ಅಲ್ಲಿಯವರೆಗೆ ಬಂದುಹೋದ ವೇಯ್ಟ್‌ಗಳಲ್ಲಿ ಯಾವುದನ್ನು ಉಳಿಸಿಕೊಳ್ಳುವುದು ಎನ್ನುವುದು ಎರಡನೆಯದು. ಅರ್ಲಿ ಸ್ಟಾಪಿಂಗ್ ಎಂದಾಗ ಎರಡೂ ಒಂದೇ ಎಂಬಂತೆ ಮಾತಾಡುತ್ತೇವೆ. ಎರಡನ್ನೂ ಬಿಡಿಸಿ ನೋಡಿದರೆ ಆಯ್ಕೆ ಸುಲಭವಾಗುತ್ತದೆ.

ನಮ್ಮ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಪೇಶನ್ಸ್ ಇಟ್ಟು ನಿಲ್ಲಿಸಿ, ಅತ್ಯುತ್ತಮ ಎಪಾಕ್‌ನ ವೇಯ್ಟ್‌ಗಳಿಗೆ ವಾಪಸ್ ಹೋಗಬಹುದು. ನಿಲ್ಲಿಸದೆ ಪೂರ್ತಿ ಓಡಿಸಿ, ಉಳಿಸಿಟ್ಟ ಚೆಕ್‌ಪಾಯಿಂಟ್‌ಗಳಲ್ಲಿ ಒಂದನ್ನು ಆರಿಸಬಹುದು. ಅಥವಾ ಆರಿಸುವ ಗೋಜೇ ಬೇಡ ಎಂದು ಕೊನೆಯ ಕೆಲವು ಚೆಕ್‌ಪಾಯಿಂಟ್‌ಗಳ ಸರಾಸರಿ ತೆಗೆಯಬಹುದು. ಮೊದಲನೆಯದನ್ನೇ ಜಾಸ್ತಿ ಜನ ಬಳಸುವುದು, ಎಡವುವುದೂ ಅಲ್ಲೇ. ಹಾಗಾಗಿ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

## ಒಂದು ಲಾಗ್, ಮೂರು ಪೇಶನ್ಸ್

ಎರಡು ವರ್ಗಗಳ ಒಂದು ಕ್ಲಾಸಿಫೈಯರ್ ಇದೆ ಎಂದುಕೊಳ್ಳಿ. ಲೆಕ್ಕಕ್ಕೆಂದು ನಾನೇ ಬರೆದ ಲಾಗ್ ಇದು. ಆದರೆ ನಿಜವಾದ ರನ್‌ಗಳು ನೋಡಲು ಹೆಚ್ಚುಕಡಿಮೆ ಹೀಗೇ ಇರುತ್ತವೆ.

```
epoch   val_loss
 1      0.693
 2      0.541
 3      0.472
 4      0.438
 5      0.443
 6      0.440
 7      0.421
 8      0.409
 9      0.412
10      0.418
11      0.415
12      0.426
13      0.437
```

ಪೇಶನ್ಸ್ ಎಂದರೆ ಇಷ್ಟೇ: ಈವರೆಗಿನ ಅತ್ಯುತ್ತಮ ಅಂಕಿಯನ್ನು ಮೀರದೆ ಎಷ್ಟು ಸಲ ಸಹಿಸಿಕೊಳ್ಳುತ್ತೀರಿ ಎಂಬ ಲೆಕ್ಕ. ಒಂದು ಕೌಂಟರ್ ಇರುತ್ತದೆ. ಸುಧಾರಣೆ ಕಂಡರೆ ಅದು ಸೊನ್ನೆಗೆ ಹೋಗುತ್ತದೆ, ಇಲ್ಲದಿದ್ದರೆ ಒಂದು ಏರುತ್ತದೆ. ಪೇಶನ್ಸ್‌ನ ಸಂಖ್ಯೆ ಮುಟ್ಟಿತೋ, ಟ್ರೇನಿಂಗ್ ನಿಂತಿತು.

ಪೇಶನ್ಸ್ 2 ಇಟ್ಟರೆ ಏನಾಗುತ್ತದೆ? 4ನೇ ಎಪಾಕ್‌ನಲ್ಲಿ 0.438 ಬಂತು. 5ರಲ್ಲಿ ಸುಧಾರಣೆ ಇಲ್ಲ, ಕೌಂಟರ್ 1. 6ರಲ್ಲಿ 0.440 ಬಂತು. ಇದು 5ಕ್ಕಿಂತ ಚೆನ್ನಾಗಿದೆ, ನಿಜ. ಆದರೆ ಹೋಲಿಕೆ ಹಿಂದಿನ ಎಪಾಕ್ ಜೊತೆ ಅಲ್ಲ, ಈವರೆಗಿನ ಅತ್ಯುತ್ತಮದ ಜೊತೆ. ಹಾಗಾಗಿ ಕೌಂಟರ್ 2, ಅಲ್ಲಿಗೆ ಮುಗಿಯಿತು. ಮುಂದೆ 8ರಲ್ಲಿ ಕಾದಿದ್ದ 0.409 ನಮಗೆ ಕಾಣಲೇ ಇಲ್ಲ.

ಪೇಶನ್ಸ್ 3 ಇಟ್ಟರೆ 5 ಮತ್ತು 6ನ್ನು ಸಹಿಸಿಕೊಂಡು 7ಕ್ಕೆ ಹೋಗುತ್ತೇವೆ. ಅಲ್ಲಿ ಸುಧಾರಣೆ, ಕೌಂಟರ್ ಮತ್ತೆ ಸೊನ್ನೆ. 8ರಲ್ಲಿ 0.409. ಆಮೇಲೆ 9, 10, 11 ಮೂರೂ ಅದನ್ನು ಮೀರುವುದಿಲ್ಲ, 11ರಲ್ಲಿ ನಿಲ್ಲುತ್ತದೆ. ಪೇಶನ್ಸ್ 5 ಇಟ್ಟರೆ 13ರಲ್ಲಿ ನಿಲ್ಲುತ್ತದೆ, ಅತ್ಯುತ್ತಮ ಅದೇ 8ನೇ ಎಪಾಕ್.

ಈಗ ನಿಂತಾಗ ಮಾಡೆಲ್‌ನೊಳಗೆ ಯಾವ ವೇಯ್ಟ್‌ಗಳಿವೆ ನೋಡಿ. ವಾಪಸ್ ಹೋಗುವ ವ್ಯವಸ್ಥೆ ಮಾಡಿಲ್ಲದಿದ್ದರೆ ಕೊನೆಯ ಎಪಾಕ್‌ನವೇ ಇರುತ್ತವೆ. ಪೇಶನ್ಸ್ 3ಕ್ಕೆ 0.415, ಪೇಶನ್ಸ್ 5ಕ್ಕೆ 0.437. ಆತುರಪಟ್ಟು 6ರಲ್ಲೇ ನಿಂತವರ ಕೈಲಿ ಇದ್ದದ್ದು 0.440. ಅಂದರೆ ಏಳು ಎಪಾಕ್ ಹೆಚ್ಚಿಗೆ ಓಡಿಸಿ, ನಡುವೆ 0.409 ಕಂಡು, ಕೊನೆಗೆ ಬಂದು ನಿಂತದ್ದು ಹೆಚ್ಚುಕಡಿಮೆ ಅದೇ ಜಾಗಕ್ಕೆ.

ಇದು ಈ ಲಾಗ್‌ನ ಆಕಸ್ಮಿಕ ಅಲ್ಲ. ಪೇಶನ್ಸ್ ಮುಗಿದು ನಿಂತಿದೆ ಎಂದರೆ ಅತ್ಯುತ್ತಮದಿಂದ ಸರಿಯಾಗಿ ಅಷ್ಟೇ ಎಪಾಕ್ ದೂರ ಬಂದಿದ್ದೇವೆ ಎಂದೇ ಅರ್ಥ. ಪೇಶನ್ಸ್ ಹೆಚ್ಚಿಸಿದಷ್ಟೂ ಆ ದೂರ ಜಾಸ್ತಿ. ಹಾಗಾಗಿ ಅತ್ಯುತ್ತಮ ವೇಯ್ಟ್‌ಗಳನ್ನು ವಾಪಸ್ ತರುವ ವ್ಯವಸ್ಥೆ ಇದ್ದರೆ ಮಾತ್ರ ದೊಡ್ಡ ಪೇಶನ್ಸ್ ಇಡಿ. ಆ ವ್ಯವಸ್ಥೆ ಇದ್ದರೆ ದೊಡ್ಡ ಪೇಶನ್ಸ್‌ಗೆ ತೆರುವ ಬೆಲೆ ಕಂಪ್ಯೂಟ್ ಸಮಯ ಅಷ್ಟೇ.

ಆ ಬೆಲೆ ಎಷ್ಟು ಎಂಬುದಕ್ಕೆ ಹಳೆಯದೊಂದು ಅಂದಾಜು ಇದೆ. ಲುಟ್ಸ್ ಪ್ರೆಶೆಲ್ಟ್ 1998ರಲ್ಲಿ 12 ಸಮಸ್ಯೆಗಳ ಮೇಲೆ ಬೇರೆಬೇರೆ ನಿಲ್ಲಿಸುವ ನಿಯಮಗಳನ್ನು ಹೋಲಿಸಿ ನೋಡಿದ್ದರು. ತಡವಾಗಿ ನಿಲ್ಲಿಸುವ ನಿಯಮಗಳಿಂದ ಸರಾಸರಿ ಸುಮಾರು 4% ಲಾಭ ಬಂತು, ಸಮಯ ಮಾತ್ರ ಸುಮಾರು ನಾಲ್ಕು ಪಟ್ಟು ಹಿಡಿಯಿತು. ಇವತ್ತಿನ ದೊಡ್ಡ ನೆಟ್‌ವರ್ಕ್‌ಗಳಿಗೆ ಈ ಅಂಕಿ ಹಾಗೇ ಹೊಂದುತ್ತದೆ ಎಂದು ಹೇಳಲಾಗದು. ಆದರೆ ಚೌಕಾಸಿ ನಡೆಯುವುದು ಸಮಯಕ್ಕೂ ಗುಣಮಟ್ಟಕ್ಕೂ ನಡುವೆ ಎಂಬುದು ಬದಲಾಗಿಲ್ಲ.

## ವಾಪಸ್ ತರುವ ಕೆಲಸ ಯಾರದ್ದು?

ಇಲ್ಲಿ ಲೈಬ್ರರಿಗಳ ನಡುವೆ ವ್ಯತ್ಯಾಸ ಇದೆ. ಒಂದರ ಅಭ್ಯಾಸ ಇಟ್ಟುಕೊಂಡು ಇನ್ನೊಂದಕ್ಕೆ ಹೋದರೆ ಕಷ್ಟ.

ಕೆರಾಸ್‌ನ `EarlyStopping`ನಲ್ಲಿ `restore_best_weights` ಎಂಬ ಆಯ್ಕೆ ಇದೆ, ಆದರೆ ಅದರ ಡೀಫಾಲ್ಟ್ `False`. `patience` ಡೀಫಾಲ್ಟ್ 0, ಅಂದರೆ ಮೊದಲ ಸಲ ಎಡವಿದ ಕೂಡಲೇ ನಿಲ್ಲುತ್ತದೆ. ಎರಡನ್ನೂ ಕೈಯಾರೆ ಬದಲಿಸಲೇಬೇಕು. ಇನ್ನೊಂದು ಸೂಕ್ಷ್ಮ ಇದೆ. ಟೆನ್ಸರ್‌ಫ್ಲೋ ಜೊತೆ ಬರುತ್ತಿದ್ದ ಹಳೆಯ ಕೆರಾಸ್‌ನಲ್ಲಿ ಈ ವಾಪಸಾತಿ ನಡೆಯುತ್ತಿದ್ದದ್ದು ಪೇಶನ್ಸ್ ಮುಗಿದು ನಿಂತಾಗ ಮಾತ್ರ. `epochs=12` ಕೊಟ್ಟು ಪೇಶನ್ಸ್ 5 ಇಟ್ಟಿದ್ದರೆ ಮೇಲಿನ ಲಾಗ್‌ನಲ್ಲಿ ಕೌಂಟರ್ 4ಕ್ಕೆ ಬಂದಾಗ ಎಪಾಕ್‌ಗಳೇ ಮುಗಿದುಹೋಗುತ್ತಿದ್ದವು. ಆಯ್ಕೆ `True` ಇದ್ದರೂ ಕೈಗೆ ಸಿಗುತ್ತಿದ್ದದ್ದು 0.426. ಕೆರಾಸ್ 3ರಲ್ಲಿ ಟ್ರೇನಿಂಗ್ ಮುಗಿದಾಗ ಹೇಗೂ ವಾಪಸ್ ತರುತ್ತದೆ. ಹಳೆಯ ಆವೃತ್ತಿಯ ಪ್ರಾಜೆಕ್ಟ್ ಕೈಗೆ ಬಂದರೆ ಇದನ್ನು ನೆನಪಿಡಿ.

ಪೈಟಾರ್ಚ್ ಲೈಟ್ನಿಂಗ್‌ನಲ್ಲಿ `EarlyStopping` ಬರೀ ನಿಲ್ಲಿಸುತ್ತದೆ, ವಾಪಸ್ ತರುವುದಿಲ್ಲ. ಅದಕ್ಕೆ `ModelCheckpoint` ಎಂಬ ಬೇರೆ ಕಾಲ್‌ಬ್ಯಾಕ್ ಇದೆ. ಅದಕ್ಕೂ ಅದೇ `monitor`, ಅದೇ `mode` ಕೊಟ್ಟು, ಕೊನೆಗೆ `best_model_path`ನಿಂದ ನಾವೇ ಲೋಡ್ ಮಾಡಿಕೊಳ್ಳಬೇಕು. ನನಗೆ ಈ ವಿನ್ಯಾಸವೇ ಇಷ್ಟ. ನಿಲ್ಲಿಸುವುದು, ಉಳಿಸಿಕೊಳ್ಳುವುದು ಎರಡು ಬೇರೆ ಕೆಲಸ ಎಂಬುದು ಕೋಡ್‌ನಲ್ಲೇ ಕಾಣುತ್ತದೆ.

ಹಗ್ಗಿಂಗ್ ಫೇಸ್‌ನ `Trainer`ನಲ್ಲಿ `EarlyStoppingCallback` ಬಳಸುವಾಗ ಅತ್ಯುತ್ತಮ ವೇಯ್ಟ್‌ಗಳು ವಾಪಸ್ ಬರಬೇಕಾದರೆ `load_best_model_at_end=True` ಇರಬೇಕು. ಇಲ್ಲಿ ಇವ್ಯಾಲ್ಯುಯೇಶನ್‌ಗೂ ಸೇವ್‌ಗೂ ಸಮಯ ಹೊಂದಬೇಕು. ಕಾರಣ ಸರಳ: ಡಿಸ್ಕ್‌ನಲ್ಲಿ ಇಲ್ಲದ ಚೆಕ್‌ಪಾಯಿಂಟ್‌ಗೆ ವಾಪಸ್ ಹೋಗಲು ಆಗುವುದಿಲ್ಲ. ನೀವೇ ಲೂಪ್ ಬರೆಯುತ್ತಿದ್ದರೂ ಇದೇ ಮಾತು. 500 ಸ್ಟೆಪ್‌ಗೊಮ್ಮೆ ಅಳೆದು 2000 ಸ್ಟೆಪ್‌ಗೊಮ್ಮೆ ಉಳಿಸಿದರೆ, ಅತ್ಯುತ್ತಮ ಅಂಕಿ ಲಾಗ್‌ನಲ್ಲಿ ಇರುತ್ತದೆ, ಫೈಲ್ ಬಹುಪಾಲು ಸಲ ಇರುವುದಿಲ್ಲ.

ಪೇಶನ್ಸ್ ಎಣಿಸುವುದು ಏನನ್ನು ಎಂಬುದನ್ನೂ ಗಮನಿಸಿ. ಕೆರಾಸ್‌ನಲ್ಲಿ ಅದು ಎಪಾಕ್. ಲೈಟ್ನಿಂಗ್ ಮತ್ತು `Trainer`ನಲ್ಲಿ ಅದು ವ್ಯಾಲಿಡೇಶನ್ ನಡೆದ ಸಲಗಳು. ಎಪಾಕ್‌ಗೆ ನಾಲ್ಕು ಸಲ ವ್ಯಾಲಿಡೇಶನ್ ನಡೆಸುತ್ತಿದ್ದರೆ ಪೇಶನ್ಸ್ 3 ಎಂದರೆ ಮುಕ್ಕಾಲು ಎಪಾಕ್ ಅಷ್ಟೇ.

ನೇರ ಪೈಟಾರ್ಚ್‌ನಲ್ಲಿ ಎಲ್ಲ ನಮ್ಮದೇ ಜವಾಬ್ದಾರಿ. ಅಲ್ಲಿ ತುಂಬ ಸಲ ಕಾಣುವ ತಪ್ಪು ಒಂದೇ ಸಾಲಿನದು:

```python
best_w = model.state_dict()                  # ತಪ್ಪು
best_w = copy.deepcopy(model.state_dict())   # ಸರಿ
```

`state_dict()` ಕೊಡುವುದು ವೇಯ್ಟ್‌ಗಳ ನಕಲನ್ನಲ್ಲ, ಅದೇ ಟೆನ್ಸರ್‌ಗಳ ಕೊಂಡಿಯನ್ನು. ಆಪ್ಟಿಮೈಸರ್ ಮುಂದಿನ ಸ್ಟೆಪ್‌ನಲ್ಲಿ ಅವನ್ನು ಇದ್ದಲ್ಲೇ ಬದಲಿಸುತ್ತದೆ, `best_w` ಕೂಡ ಜೊತೆಗೇ ಬದಲಾಗುತ್ತದೆ. ಕೊನೆಗೆ ಅದನ್ನು ಲೋಡ್ ಮಾಡಿದರೆ ಎರರ್ ಬರುವುದಿಲ್ಲ, ಏನೂ ಆಗುವುದೂ ಇಲ್ಲ. ಕೊನೆಯ ವೇಯ್ಟ್‌ಗಳ ಮೇಲೆ ಕೊನೆಯ ವೇಯ್ಟ್‌ಗಳನ್ನೇ ಸುರಿದಂತೆ. `torch.save` ಮಾಡಿ ಫೈಲ್‌ಗೆ ಬರೆದರೆ ಈ ತೊಂದರೆ ಇಲ್ಲ, ಏಕೆಂದರೆ ಆ ಕ್ಷಣದ ಅಂಕಿಗಳು ಡಿಸ್ಕ್‌ಗೆ ಹೋಗಿರುತ್ತವೆ. ಪ್ರೋಗ್ರಾಂ ನಡುವೆ ಬಿದ್ದುಹೋದರೂ ಅವು ಉಳಿಯುತ್ತವೆ ಎಂಬುದು ಇನ್ನೊಂದು ಲಾಭ. ಹಾಗಾಗಿ ಮೆಮೊರಿಯಲ್ಲಿ ಇಡುವುದಕ್ಕಿಂತ ಫೈಲ್ ವಾಸಿ.

## ಯಾವ ಅಂಕಿಯನ್ನು ನೋಡುತ್ತಾ ಕೂರಬೇಕು

ಲಾಸ್ ನೋಡಬೇಕಾ, ಆಕ್ಯುರೆಸಿ ಅಥವಾ ಎಫ್1 ನೋಡಬೇಕಾ? ಎರಡೂ ಒಂದೇ ಎಪಾಕ್ ತೋರಿಸಿದರೆ ಚಿಂತೆಯಿಲ್ಲ. ಆದರೆ ಲಾಸ್ ಏರುತ್ತಿರುವಾಗಲೇ ಆಕ್ಯುರೆಸಿಯೂ ನಿಧಾನಕ್ಕೆ ಏರುವುದು ಬಹಳ ಸಾಮಾನ್ಯ. ಮೊದಲ ಸಲ ನೋಡಿದವರಿಗೆ ಬಗ್ ಅನ್ನಿಸುತ್ತದೆ, ಅಲ್ವಾ? ಬಗ್ ಅಲ್ಲ.

ಕ್ರಾಸ್ ಎಂಟ್ರೊಪಿ ಲಾಸ್ ಒಂದು ಉದಾಹರಣೆಗೆ ಹಾಕುವ ದಂಡ, ಸರಿ ಉತ್ತರಕ್ಕೆ ಮಾಡೆಲ್ ಕೊಟ್ಟ ಸಂಭವನೀಯತೆಯ ಲಾಗರಿದಮ್‌ನ ಋಣ ಬೆಲೆ. ಒಂದು ಉದಾಹರಣೆಯನ್ನು ಮಾಡೆಲ್ ತಪ್ಪಾಗಿ ಹೇಳುತ್ತಿದೆ, ಸರಿ ಉತ್ತರಕ್ಕೆ 0.1 ಕೊಟ್ಟಿದೆ ಎನ್ನಿ. ದಂಡ 2.30. ಇನ್ನಷ್ಟು ಟ್ರೇನ್ ಆದಮೇಲೆ ಅದೇ ತಪ್ಪನ್ನು ಮತ್ತೂ ಧೈರ್ಯವಾಗಿ ಹೇಳುತ್ತದೆ, ಸರಿ ಉತ್ತರಕ್ಕೆ 0.001. ದಂಡ 6.91. ಅದು ಮೊದಲೂ ತಪ್ಪೇ, ಈಗಲೂ ತಪ್ಪೇ, ಆಕ್ಯುರೆಸಿ ಕದಲುವುದಿಲ್ಲ. ಆದರೆ 500 ಉದಾಹರಣೆಗಳಲ್ಲಿ ಇಂಥ ಹತ್ತು ಇದ್ದರೆ ಸರಾಸರಿ ಲಾಸ್ 0.09ರಷ್ಟು ಏರುತ್ತದೆ. ಮೇಲಿನ ಲಾಗ್‌ನಲ್ಲಿ 8ರಿಂದ 13ಕ್ಕೆ ಏರಿದ್ದು 0.028 ಮಾತ್ರ. ಅಂದರೆ ಬೆರಳೆಣಿಕೆಯ ಉದಾಹರಣೆಗಳೇ ಇಡೀ ಗೆರೆಯನ್ನು ಮೇಲೆತ್ತಬಲ್ಲವು.

ಆಯ್ಕೆ ನಿಂತಿರುವುದು ಮಾಡೆಲ್‌ನ ಉತ್ತರವನ್ನು ಮುಂದೆ ಹೇಗೆ ಬಳಸುತ್ತೀರಿ ಎಂಬುದರ ಮೇಲೆ. ಸಂಭವನೀಯತೆಯ ಅಂಕಿಯನ್ನೇ ನಂಬಿ ಮುಂದಿನ ನಿರ್ಧಾರ ನಡೆಯುವುದಾದರೆ ಲಾಸ್ ನೋಡಿ. ಹುಸಿ ಧೈರ್ಯಕ್ಕೆ ಅದು ದಂಡ ಹಾಕುವುದೇ ನಿಮಗೆ ಬೇಕಾದದ್ದು. ಕೊನೆಗೆ ಬೇಕಿರುವುದು ಬರೀ ಲೇಬಲ್ ಆದರೆ, ವರ್ಗಗಳು ಏರುಪೇರಾಗಿದ್ದರೆ, ಎಫ್1 ನೋಡುವುದು ಸರಿ.

ಆದರೆ ಎಫ್1, ಆಕ್ಯುರೆಸಿ ಎರಡೂ ಮೆಟ್ಟಿಲು ಮೆಟ್ಟಿಲಾಗಿ ಚಲಿಸುತ್ತವೆ. 500ರ ವ್ಯಾಲಿಡೇಶನ್ ಸೆಟ್‌ನಲ್ಲಿ ಆಕ್ಯುರೆಸಿಯ ಒಂದು ಮೆಟ್ಟಿಲು 0.2%. 90.2ರಿಂದ 90.6ಕ್ಕೆ ಏರಿತು ಎಂದರೆ ಎರಡೇ ಎರಡು ಉದಾಹರಣೆಗಳು ಈ ಕಡೆ ಬಿದ್ದವು ಎಂದರ್ಥ. ಅಷ್ಟಕ್ಕೆ ಕೌಂಟರ್ ಸೊನ್ನೆಯಾಗುತ್ತದೆ, ಹೊಸ ಚೆಕ್‌ಪಾಯಿಂಟ್ ಹಳೆಯದನ್ನು ಅಳಿಸುತ್ತದೆ. ಹೀಗೆ ಕುಣಿಯುವ ಅಂಕಿಗೆ ಪೇಶನ್ಸ್ ಜಾಸ್ತಿ ಬೇಕು. ನಾನಾದರೆ ನಿಲ್ಲಿಸುವುದಕ್ಕೆ ಲಾಸ್, ಉಳಿಸಿಕೊಳ್ಳುವುದಕ್ಕೆ ಎಫ್1 ಎಂದು ಹಂಚುವುದುಂಟು. ಆಗ ನಿಲ್ಲಿಸುವ ಪೇಶನ್ಸ್ ಸ್ವಲ್ಪ ಧಾರಾಳವಾಗಿ ಇಡಬೇಕು. ಇಲ್ಲದಿದ್ದರೆ ಎಫ್1 ಇನ್ನೂ ಏರುತ್ತಿರುವಾಗಲೇ ಲಾಸ್ ಬಾಗಿಲು ಮುಚ್ಚಿಬಿಡುತ್ತದೆ.

ಎಫ್1 ನೋಡುವಾಗ `mode="max"` ಎಂದು ಬರೆದೇಬಿಡಿ. ಹಳೆಯ ಕೆರಾಸ್‌ನಲ್ಲಿ `auto` ಎಂದು ಬಿಟ್ಟರೆ ಹೆಸರು ನೋಡಿ ಊಹಿಸುತ್ತಿತ್ತು. ನೀವೇ ಹೆಸರಿಟ್ಟ `val_f1`ನಲ್ಲಿ ಆಕ್ಯುರೆಸಿಯ ಸುಳಿವು ಇಲ್ಲವಾದ್ದರಿಂದ ಕಡಿಮೆಯಾದರೆ ಒಳ್ಳೆಯದು ಎಂದುಕೊಳ್ಳುತ್ತಿತ್ತು. ಮಾಡೆಲ್ ಚೆನ್ನಾಗಿ ಕಲಿಯುತ್ತಿದೆ, ಟ್ರೇನಿಂಗ್ ಮಾತ್ರ ಪೇಶನ್ಸ್ ಮುಗಿದ ಕೂಡಲೇ ನಿಲ್ಲುತ್ತಿದೆ, ಉಳಿದದ್ದು ಮೊದಲ ಎಪಾಕ್‌ನ ವೇಯ್ಟ್‌ಗಳು ಎಂದರೆ ಮೊದಲು ಇದನ್ನೇ ನೋಡಿ.

`min_delta` ಬಗ್ಗೆ ಒಂದೇ ಮಾತು. ಸಣ್ಣಪುಟ್ಟ ಸುಧಾರಣೆಗೆಲ್ಲ ಕೌಂಟರ್ ಸೊನ್ನೆಯಾಗದಿರಲಿ ಎಂದು ಅದನ್ನು ಇಡುತ್ತೇವೆ. ಆದರೆ ಕೆರಾಸ್‌ನ `EarlyStopping` ವೇಯ್ಟ್ ಉಳಿಸಿಕೊಳ್ಳುವುದಕ್ಕೂ ಅದೇ ಗೆರೆ ಬಳಸುತ್ತದೆ. `min_delta=0.005` ಇದ್ದು 0.409ರ ನಂತರ 0.406 ಬಂದರೆ, ಅದು ಸುಧಾರಣೆ ಎಂದು ಎಣಿಕೆಯಾಗುವುದಿಲ್ಲ, ಆ ವೇಯ್ಟ್‌ಗಳೂ ಉಳಿಯುವುದಿಲ್ಲ. ಅದು ಬೇಕೆಂದರೆ ಕೆರಾಸ್‌ನದೇ `ModelCheckpoint` ಅನ್ನು `save_best_only=True` ಕೊಟ್ಟು ಪಕ್ಕದಲ್ಲಿ ಇಟ್ಟುಕೊಳ್ಳಿ, ಅದಕ್ಕೆ ಈ ಗೆರೆ ಇಲ್ಲ.

## ನಿಲ್ಲಿಸದೇ ಇರುವುದು ಯಾವಾಗ ಮೇಲು

ಲರ್ನಿಂಗ್ ರೇಟ್ ಒಂದೇ ಮಟ್ಟದಲ್ಲಿ ಇದ್ದರೆ ಮೊದಲ ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲೇ ಬರೆದಿಟ್ಟ ವೇಳಾಪಟ್ಟಿಯ ಪ್ರಕಾರ ಅದು ಇಳಿಯುತ್ತಿದ್ದರೆ ಕಥೆ ಬೇರೆ.

ಮೇಲಿನ ರನ್ ಅನ್ನೇ 30 ಎಪಾಕ್‌ಗಳ ಕೊಸೈನ್ ಇಳಿತದೊಂದಿಗೆ ಓಡಿಸುತ್ತಿದ್ದೆವು ಎಂದುಕೊಳ್ಳಿ. ಪೇಶನ್ಸ್ 3 ನಮ್ಮನ್ನು 11ನೇ ಎಪಾಕ್‌ನಲ್ಲಿ ನಿಲ್ಲಿಸಿತು. ಆ ಹೊತ್ತಿಗೆ ಲರ್ನಿಂಗ್ ರೇಟ್ ಎಷ್ಟಿತ್ತು? ಕೊಸೈನ್ ಸೂತ್ರಕ್ಕೆ ಹಾಕಿದರೆ ಶುರುವಿನ ಬೆಲೆಯ ಸುಮಾರು 70%. ಅಂದರೆ ಹೆಜ್ಜೆಗಳು ಇನ್ನೂ ದೊಡ್ಡವೇ. ವ್ಯಾಲಿಡೇಶನ್ ಲಾಸ್ ಮೇಲೆ ಕೆಳಗೆ ಕುಣಿಯುತ್ತಿರುವುದು ಓವರ್‌ಫಿಟ್ಟಿಂಗ್‌ನಿಂದ ಇರಲಿಕ್ಕಿಲ್ಲ, ದೊಡ್ಡ ಹೆಜ್ಜೆಗಳ ಗದ್ದಲ ಇರಬಹುದು. ಇಂಥ ವೇಳಾಪಟ್ಟಿಯಲ್ಲಿ ರೇಟ್ ಸಣ್ಣದಾಗುವ ಕೊನೆಯ ಭಾಗದಲ್ಲೇ ಲಾಸ್ ಒಳ್ಳೆಯ ಇಳಿತ ಕಾಣುವುದು ಸಾಮಾನ್ಯ. 11ರಲ್ಲಿ ನಿಂತವರು ಆ ಭಾಗವನ್ನು ನೋಡಲೇ ಇಲ್ಲ.

ಹಾಗಾಗಿ ಕೊಸೈನ್ ಅಥವಾ ಲೀನಿಯರ್ ಇಳಿತ ಇದ್ದರೆ ನಾನು ಎರಡನೇ ದಾರಿ ಹಿಡಿಯುತ್ತೇನೆ. ಎಪಾಕ್‌ಗಳ ಸಂಖ್ಯೆಯನ್ನೇ ಒಂದು ಹೈಪರ್‌ಪ್ಯಾರಾಮೀಟರ್ ಎಂದು ತಿಳಿದು, ಪೂರ್ತಿ ಓಡಿಸಿ, ಅತ್ಯುತ್ತಮ ಚೆಕ್‌ಪಾಯಿಂಟ್ ಆರಿಸುವುದು. 30 ಜಾಸ್ತಿ ಎನಿಸಿದರೆ 15 ಎಪಾಕ್‌ಗಳ ವೇಳಾಪಟ್ಟಿಯಲ್ಲಿ ಮತ್ತೊಮ್ಮೆ ಓಡಿಸಬೇಕು. 30ರದ್ದನ್ನು 15ರಲ್ಲಿ ಕತ್ತರಿಸಿದರೆ ಅದೇ ಫಲಿತಾಂಶ ಬರುವುದಿಲ್ಲ.

ವ್ಯಾಲಿಡೇಶನ್ ನಿಂತಾಗ ರೇಟ್ ಇಳಿಸುವ `ReduceLROnPlateau` ಬಳಸುವವರಿಗೆ ನಡುದಾರಿ ಇದೆ. ಅದಕ್ಕೂ ತನ್ನದೇ ಪೇಶನ್ಸ್ ಇರುತ್ತದೆ. ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ರೇಟ್ ಇಳಿಯುವ ಹೊತ್ತಿಗೇ ಟ್ರೇನಿಂಗ್ ನಿಂತುಹೋಗುತ್ತದೆ. ಇಳಿದ ರೇಟ್‌ಗೆ ಒಂದು ಅವಕಾಶವೂ ಸಿಗುವುದಿಲ್ಲ. ರೇಟ್ ಇಳಿಸಲು 3 ಇಟ್ಟರೆ ನಿಲ್ಲಿಸಲು 8 ಅಥವಾ 10 ಇಡಿ, ಕನಿಷ್ಠ ಎರಡು ಸಲ ಇಳಿದು ನೋಡಲಿ.

ಪೂರ್ತಿ ಓಡಿಸುವ ದಾರಿಯ ತೊಂದರೆ ಡಿಸ್ಕ್. 10 ಕೋಟಿ ಪ್ಯಾರಾಮೀಟರ್‌ಗಳ ಮಾಡೆಲ್‌ನ ವೇಯ್ಟ್‌ಗಳು 32 ಬಿಟ್‌ನಲ್ಲಿ ಸುಮಾರು 400 ಎಂಬಿ. ಆಡಮ್ ಪ್ರತಿ ಪ್ಯಾರಾಮೀಟರ್‌ಗೆ ಇನ್ನೆರಡು ಅಂಕಿ ಇಟ್ಟುಕೊಳ್ಳುವುದರಿಂದ ಅದನ್ನೂ ಉಳಿಸಿದರೆ 1.2 ಜಿಬಿ. ಆದರೆ ಆಪ್ಟಿಮೈಸರ್ ಬೇಕಾಗುವುದು ನಿಂತ ಟ್ರೇನಿಂಗ್ ಮುಂದುವರಿಸುವುದಕ್ಕೆ ಮಾತ್ರ. ಕೊನೆಯದೊಂದನ್ನು ಆಪ್ಟಿಮೈಸರ್ ಸಮೇತ ಇಟ್ಟು, ಅತ್ಯುತ್ತಮ ಎರಡು ಮೂರನ್ನು ಬರೀ ವೇಯ್ಟ್‌ಗಳಾಗಿ ಇಟ್ಟರೆ ಸಾಕು.

## ಆರಿಸದೆ ಸರಾಸರಿ ತೆಗೆಯುವುದು

ಅಂಕಿಗಳು ಹತ್ತಿರ ಹತ್ತಿರ ಇದ್ದು, ವ್ಯಾಲಿಡೇಶನ್ ಸೆಟ್ ಸಣ್ಣದಿದ್ದರೆ, ಅತ್ಯುತ್ತಮ ಎಂದು ಆರಿಸಿದ್ದು ಅದೃಷ್ಟದ ಎಪಾಕ್ ಆಗಿರಬಹುದು. ಅಂಥಲ್ಲಿ ಕೊನೆಯ ಕೆಲವು ಚೆಕ್‌ಪಾಯಿಂಟ್‌ಗಳ ವೇಯ್ಟ್‌ಗಳನ್ನು ಸರಾಸರಿ ಮಾಡಿ ಒಂದೇ ಮಾಡೆಲ್ ಮಾಡುವ ದಾರಿ ಇದೆ. 2017ರ ಮೂಲ ಟ್ರಾನ್ಸ್‌ಫಾರ್ಮರ್ ಪ್ರಬಂಧದಲ್ಲಿ ಬೇಸ್ ಮಾಡೆಲ್‌ಗೆ ಕೊನೆಯ 5, ದೊಡ್ಡದಕ್ಕೆ ಕೊನೆಯ 20 ಚೆಕ್‌ಪಾಯಿಂಟ್‌ಗಳ ಸರಾಸರಿ ತೆಗೆದಿದ್ದರು.

ಒಂದೇ ರನ್‌ನ, ಹತ್ತಿರ ಹತ್ತಿರದ ಚೆಕ್‌ಪಾಯಿಂಟ್‌ಗಳಿಗೆ ಮಾತ್ರ ಇದು ಸರಿ. ಬೇರೆಬೇರೆ ಸೀಡ್‌ಗಳಿಂದ ಶುರುವಾದ ರನ್‌ಗಳನ್ನು ಹೀಗೆ ಬೆರೆಸಿದರೆ ಸಾಮಾನ್ಯವಾಗಿ ಕಸವೇ ಬರುತ್ತದೆ. ಮಾಡೆಲ್‌ನಲ್ಲಿ ಬ್ಯಾಚ್ ನಾರ್ಮ್ ಇದ್ದರೆ ಸರಾಸರಿ ವೇಯ್ಟ್‌ಗಳಿಗೆ ತಕ್ಕಂತೆ ಅದರ ಮೀನ್, ವೇರಿಯನ್ಸ್ ಮತ್ತೆ ಲೆಕ್ಕ ಹಾಕಬೇಕು. ಪೈಟಾರ್ಚ್‌ನಲ್ಲಿ ಅದಕ್ಕೆಂದೇ `torch.optim.swa_utils.update_bn` ಇದೆ. ಇದನ್ನು ಮರೆತರೆ ಸರಾಸರಿ ಮಾಡೆಲ್ ಅದರ ಬಿಡಿ ಮಾಡೆಲ್‌ಗಳಿಗಿಂತ ಕೆಟ್ಟದಾಗಿ ಕಾಣಬಹುದು. ಓವರ್‌ಫಿಟ್ಟಿಂಗ್ ಜೋರಾಗಿರುವ ಸಣ್ಣ ಡೇಟಾಗೆ ಈ ದಾರಿ ಬೇಡ. ಅಲ್ಲಿ ಕೊನೆಯ ಚೆಕ್‌ಪಾಯಿಂಟ್‌ಗಳೆಲ್ಲ ಹಾಳಾದವೇ, ಸರಾಸರಿಯಿಂದ ಅವು ರಿಪೇರಿ ಆಗುವುದಿಲ್ಲ.

## ಆರಿಸಿದ ಮೇಲೆ

ಹತ್ತಾರು ಚೆಕ್‌ಪಾಯಿಂಟ್‌ಗಳಲ್ಲಿ ವ್ಯಾಲಿಡೇಶನ್‌ನಲ್ಲಿ ಮೊದಲು ಬಂದದ್ದನ್ನು ಆರಿಸಿದ್ದೀರಿ. ಆ ಅಂಕಿಯಲ್ಲಿ ಸ್ವಲ್ಪ ಅದೃಷ್ಟ ಸೇರಿಕೊಂಡಿರುತ್ತದೆ. ಎಷ್ಟು ಚೆಕ್‌ಪಾಯಿಂಟ್‌ಗಳಿಂದ ಆರಿಸಿದಿರೋ, ಸೆಟ್ ಎಷ್ಟು ಸಣ್ಣದೋ, ಅಷ್ಟು ಜಾಸ್ತಿ. ಹಾಗಾಗಿ ಬೇರೆಯವರಿಗೆ ಹೇಳುವ ಅಂಕಿ ಮುಟ್ಟದೆ ಇಟ್ಟ ಟೆಸ್ಟ್ ಸೆಟ್‌ನಿಂದ ಬರಬೇಕು. ಯಾವ ಎಪಾಕ್ ಎಂದು ಟೆಸ್ಟ್ ಸೆಟ್ ನೋಡಿ ತೀರ್ಮಾನಿಸಿದರೆ ಅದು ಇನ್ನೊಂದು ವ್ಯಾಲಿಡೇಶನ್ ಸೆಟ್ ಆಗಿಬಿಡುತ್ತದೆ.

ನಿಂತ ರನ್ ಅನ್ನು ಮುಂದುವರಿಸುವಾಗ ಕೌಂಟರ್ ಏನಾಯಿತು ನೋಡಿಕೊಳ್ಳಿ. ಕೆರಾಸ್‌ನಲ್ಲಿ `fit` ಮತ್ತೆ ಕರೆದರೆ `EarlyStopping` ಎಲ್ಲ ಮರೆತು ಹೊಸದಾಗಿ ಶುರು ಮಾಡುತ್ತದೆ. ಹಳೆಯ 0.409 ಅದಕ್ಕೆ ಗೊತ್ತಿರುವುದಿಲ್ಲ. ಮುಂದುವರಿದ ಮೊದಲ ಎಪಾಕ್‌ನಲ್ಲಿ 0.430 ಬಂದರೂ ಅದೇ ಅತ್ಯುತ್ತಮ ಎಂದುಕೊಳ್ಳುತ್ತದೆ. ಹೊಸದಾಗಿ ಕಟ್ಟಿದ `ModelCheckpoint`ಗೆ `save_best_only=True` ಜೊತೆಗೆ `initial_value_threshold=0.409` ಕೊಟ್ಟರೆ ಕನಿಷ್ಠ ಒಳ್ಳೆಯ ಫೈಲ್ ಮೇಲೆ ಕೆಟ್ಟದ್ದು ಬರೆದುಹೋಗುವುದಿಲ್ಲ. ಸ್ವಂತ ಲೂಪ್ ಆದರೆ `best` ಮತ್ತು `wait` ಎರಡನ್ನೂ ಚೆಕ್‌ಪಾಯಿಂಟ್ ಜೊತೆಗೇ ಉಳಿಸಿ.

ಯಾವ ದಾರಿ ಹಿಡಿದರೂ, ಕೊನೆಯಲ್ಲಿ ಲೋಡ್ ಆದ ಮಾಡೆಲ್ ಮೇಲೆ ಅದೇ ವ್ಯಾಲಿಡೇಶನ್ ಸೆಟ್ ಅನ್ನು ಇನ್ನೊಂದು ಸಲ ಓಡಿಸಿ. ಲಾಗ್‌ನಲ್ಲಿರುವ 0.409 ಮತ್ತೆ ಬಂದರೆ ಸರಿಯಾದ ವೇಯ್ಟ್‌ಗಳೇ ಬಂದಿವೆ. 0.437 ಬಂದರೆ ವಾಪಸಾತಿ ನಡೆದಿಲ್ಲ, `deepcopy` ಅಥವಾ `restore_best_weights` ಕಡೆ ನೋಡಿ. ಎರಡೂ ಅಲ್ಲದ ಅಂಕಿ ಬಂದರೆ `model.eval()` ಮರೆತಿದ್ದೀರಾ ನೋಡಿ. ಡ್ರಾಪ್‌ಔಟ್ ಇನ್ನೂ ಚಾಲೂ ಇದ್ದರೆ ಓಡಿಸಿದ ಪ್ರತಿ ಸಲವೂ ಅಂಕಿ ಬದಲಾಗುತ್ತಿರುತ್ತದೆ.